ಕೈ ನನ್ನವು, ದನಿ ಅವಳದು

ಆ ಮೇಲ್ ಬಂದಾಗ ನಾನು ಒಂದು ಮದುವೆ ಕುಪ್ಪಸದ ತೋಳು ಜೋಡಿಸುತ್ತಿದ್ದೆ. ನಾರಾಯಣಪೇಟೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೇಲರಿಂಗ್ ಅಂಗಡಿ. ಮೊಬೈಲು ಮಿಷನ್ನಿನ ಪಕ್ಕದಲ್ಲೇ ಇರುತ್ತದೆ, ಟಿಣ್ ಅಂದರೆ ಕಣ್ಣು ಅತ್ತ ಹೋಗುತ್ತದೆ. ನಿಮ್ಮ ಚಾನೆಲ್‌ನ ಮಾನಿಟೈಸೇಷನ್, ಅಂದರೆ ಜಾಹೀರಾತಿನಿಂದ ಬರುವ ದುಡ್ಡು, ನಿಲ್ಲಿಸಲಾಗಿದೆ, ಕಾರಣ ಮರುಬಳಕೆಯ ವಿಷಯ, ಎಂದು ಬರೆದಿತ್ತು. ಇಂಗ್ಲಿಷನ್ನು ಮೊಬೈಲೇ ಕನ್ನಡಕ್ಕೆ ತಿರುಗಿಸಿಕೊಟ್ಟಿತ್ತು. ಒಮ್ಮೆ ಓದಿದೆ, ತಿಳಿಯಲಿಲ್ಲ. ಇನ್ನೊಮ್ಮೆ ಓದಿದೆ, ತಿಳಿಯಿತು, ಮೈ ಉರಿಯಿತು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಅವರು ನನ್ನನ್ನು ಕಳ್ಳಿ ಅಂದಿದ್ದರು. ಬೇರೆಯವರ ವಿಡಿಯೋ ತಂದು ನನ್ನದೆಂದು ಹಾಕುತ್ತೇನಂತೆ.

ಯಾವ ವಿಡಿಯೋ ಅಂತ ಹುಡುಕಿದೆ. ಅದು ಎಲ್ಲಿಯೂ ಬರೆದಿರಲಿಲ್ಲ. ಒಂದು ವಿಡಿಯೋದ ಮಾತಲ್ಲ, ಒಟ್ಟು ಚಾನೆಲ್ಲೇ ಹಾಗೆ ಕಾಣುತ್ತದೆ ಎಂದಷ್ಟೇ ಇತ್ತು. ಇಂಥದ್ದನ್ನು ಕದ್ದಿದ್ದೀ ಅಂದರೆ ಜಗಳವಾಡಬಹುದು. ನಿನ್ನ ಇಡೀ ಬದುಕೇ ಕದ್ದಂತೆ ಕಾಣುತ್ತದೆ ಅಂದರೆ ಯಾರ ಮನೆ ಮುಂದೆ ಹೋಗಿ ನಿಲ್ಲುವುದು? ಆ ತೋಳನ್ನು ಅವತ್ತು ತಿರುವುಮುರುವಾಗಿ ಹೊಲಿದು ಮತ್ತೆ ಬಿಚ್ಚಿದೆ.

ನನ್ನ ಚಾನೆಲ್ಲಿನಲ್ಲಿ ಇರುವುದು ಕುಪ್ಪಸ ಕತ್ತರಿಸುವ ಪಾಠ, ಕನ್ನಡದಲ್ಲಿ. ಮೇಜಿನ ಮೇಲೆ ಕಬ್ಬಿಣದ ಸರಳು ಕಟ್ಟಿ, ಅದಕ್ಕೆ ಮೊಬೈಲು ಬೋರಲು ಸಿಕ್ಕಿಸುತ್ತೇನೆ. ಮೇಲಿನಿಂದ ಬಟ್ಟೆ, ಚಾಕ್, ಟೇಪು, ನನ್ನ ಎರಡು ಕೈ ಅಷ್ಟೇ ಕಾಣುತ್ತವೆ. ಮುಖ ತೋರಿಸುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಬೇಡ ಅಂದಿರಲಿಲ್ಲ, ನನಗೇ ಬೇಕೆನಿಸಿರಲಿಲ್ಲ. ಕಲಿಯುವವರಿಗೆ ಬೇಕಾದದ್ದು ಬಗಲಿನ ತಿರುವು, ನನ್ನ ಮೂಗಿನ ನತ್ತಲ್ಲ. ರಾಯಚೂರು, ಯಾದಗಿರಿ ಕಡೆಯ ಹೆಣ್ಣುಮಕ್ಕಳು ನೋಡಿ, "ಅಕ್ಕಾ, ಎದಿ ದೊಡ್ಡದಿದ್ರ ಡಾಟ್ ಮಡಿಕಿ ಎಲ್ಲಿ ಹಿಡೀಬೇಕ್ರಿ?" ಎಂದು ಕೇಳುತ್ತಾರೆ. ಉತ್ತರ ಬರೆಯುತ್ತೇನೆ. ಆ ಚಾನೆಲ್ಲಿನಿಂದ ಬರುತ್ತಿದ್ದ ದುಡ್ಡು ನನ್ನ ಹೆಸರಿನ ಖಾತೆಗೇ ಬೀಳುತ್ತಿತ್ತು. ಮದುವೆಯಾದ ಮೇಲೆ ಯಾರ ಮುಂದೂ ಕೈಚಾಚದೆ ನನ್ನದೆನ್ನುವಂಥದ್ದು ಸಿಕ್ಕಿದ್ದು ಅದೊಂದೇ. ಹೋದರೆ ನನಗೆಷ್ಟು ಸಂಕಟವಾಗುತ್ತದೆಂದು ಹೋದಾಗಲೇ ಗೊತ್ತಾಯಿತು.

ಕೂಡಲೇ ಗದ್ವಾಲಿಗೆ ಫೋನು ಮಾಡಿದೆ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಇರುವುದು ಅಲ್ಲಿ. ಅವಳು ತೆಲುಗು ಮನೆಯ ಹುಡುಗಿ. ನಮ್ಮ ಮನೆಗೆ ಬಂದ ಮೇಲೆ ಕನ್ನಡ ಕಲಿತಳು, ನಾನು ಅವಳಿಂದ ತೆಲುಗಿನ ಬೈಗುಳ ಕಲಿತೆ. ಅವಳಿಗೂ ಒಂದು ಚಾನೆಲ್ ಇದೆ, ತೆಲುಗಿನದು. ಅದು ನನ್ನದರ ಅವಳಿಯೇ. ಗಿರಾಕಿಯ ಬಟ್ಟೆಗೆ ಒಮ್ಮೆ ಕತ್ತರಿ ಹಾಕಿದರೆ ಮುಗಿಯಿತು, ಕನ್ನಡಕ್ಕೊಂದು ಸಲ ತೆಲುಗಿಗೊಂದು ಸಲ ಕತ್ತರಿಸಲು ಬರುವುದಿಲ್ಲ. ಹೀಗಾಗಿ ನಾನು ಕತ್ತರಿಸುವಾಗ ಒಂದೇ ಸಲ ದನಿಯಿಲ್ಲದೆ ಶೂಟ್ ಮಾಡುತ್ತಿದ್ದೆ. ಅದನ್ನು ಅವಳಿಗೆ ಕಳಿಸುತ್ತಿದ್ದೆ. ನಾನು ನನ್ನ ಮಾತು ಹೇಳಿ ಕನ್ನಡದಲ್ಲಿ ಹಾಕುತ್ತಿದ್ದೆ, ಅವಳು ತನ್ನ ಮಾತು ಹೇಳಿ ತೆಲುಗಿನಲ್ಲಿ ಹಾಕುತ್ತಿದ್ದಳು. ತೆಲುಗು ರಾಜ್ಯದ ಗಡಿಯಲ್ಲಿರುವ ನಮ್ಮ ಊರುಗಳಲ್ಲಿ ಅಂಗಡಿಯವನು ಒಬ್ಬ ಗಿರಾಕಿಗೆ ಕನ್ನಡದಲ್ಲಿ ರೇಟು ಹೇಳಿ, ಪಕ್ಕದವಳಿಗೆ ತೆಲುಗಿನಲ್ಲಿ ಹೇಳುತ್ತಾನೆ. ನಮಗೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

"ಅಯ್ಯೋ ಅಕ್ಕಾ, ಏಮೈಂದಿ? ಯಾಕ ಹಿಂಗ ಉಸಿರು ಬಿಡ್ತಿ?" ಅಂದಳು.

"ನಂದು ಬಂದ್ ಮಾಡ್ಯಾರ. ನಿಂದು ನೋಡು."

ಅವಳದು ನೆಟ್ಟಗಿತ್ತು. ಒಳ್ಳೆಯದೇ ಆಯಿತು ಅಂದೆ. ಫೋನಿಟ್ಟ ಮೇಲೆ ಒಳ್ಳೆಯದೇನು ಬಂತು ಅನಿಸಿತು. ಅದೇ ಬಟ್ಟೆ, ಅದೇ ಕೈ. ಅವಳದು ಸರಿ, ನನ್ನದು ಕಳ್ಳಮಾಲು!

ಮರುದಿನ ಬಸ್ಸು ಹತ್ತಿ ಮಕ್ತಲಕ್ಕೆ ಹೋದೆ. ಅದು ನನ್ನ ತವರು. ದೊಡ್ಡಪ್ಪನ ಮಗ ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ, ಹತ್ತಿ ಬೆಳೆಯ ಮೇಲೆ ಒಂದು ಚಾನೆಲ್ಲನ್ನೂ ನಡೆಸುತ್ತಾನೆ. ಒಮ್ಮೆ ಅವನದೂ ಬಂದಾಗಿ ಮತ್ತೆ ತೆರೆದಿತ್ತು. ಹುಣ್ಣು ಆದವನಿಗೇ ಮುಲಾಮು ಗೊತ್ತು ಎಂದುಕೊಂಡು ಹೋದೆ. ಅಣ್ಣ ಒಂದು ಮೊಬೈಲಿನಲ್ಲಿ ನನ್ನ ಚಾನೆಲ್ಲು, ಇನ್ನೊಂದರಲ್ಲಿ ನೆಗೆಣ್ಣಿಯದು ತೆರೆದು, ಪಕ್ಕಪಕ್ಕ ಇಟ್ಟು, ತಾರೀಕು ನೋಡುತ್ತ ಹೋದ. ನಾನು ಅವನ ಮುಖ ನೋಡುತ್ತ ಕೂತೆ.

"ತಂಗೀ, ಎಲ್ಲಾ ವಿಡಿಯೋನೂ ಮೊದಲ ಗದ್ವಾಲದಾಗ ಹುಟ್ಟ್ಯಾವು. ಆಮ್ಯಾಲ ನಿನ್ನ ಕಡೆ ಬಂದಾವು. ಯಾಕ?"

ಯಾಕೆಂದರೆ ನಮ್ಮ ಪದ್ಧತಿ. ಹೊಸ ಬಟ್ಟೆಯನ್ನು, ಅದರ ಒಡತಿ ಮೂಲೆಗೆ ಅರಿಷಿಣ ಹಚ್ಚಿ ಉಡುವ ಮೊದಲು, ಊರಿಗೆಲ್ಲ ತೋರಿಸಬಾರದು, ದೃಷ್ಟಿಯಾಗುತ್ತದೆ. ನನ್ನ ಗಿರಾಕಿಗಳು ನಮ್ಮ ಓಣಿಯವರು, ಕನ್ನಡದವರು, ನನ್ನ ಚಾನೆಲ್ ನೋಡುವವರು. ಮದುವಣಗಿತ್ತಿಯ ಕುಪ್ಪಸವನ್ನು ಅವಳು ತೊಡುವ ಮೊದಲೇ ಅವಳ ಓರಗಿತ್ತಿ ಮೊಬೈಲಿನಲ್ಲಿ ನೋಡಿದರೆ ಆ ಹುಡುಗಿ ನನ್ನ ಅಂಗಡಿಗೆ ಮತ್ತೆ ಕಾಲಿಡುತ್ತಾಳೆಯೆ? ಅದಕ್ಕೇ ಕುಪ್ಪಸ ಒಯ್ದು, ತೊಟ್ಟು, ಕಾರ್ಯ ಮುಗಿಸಿದ ಮೇಲೆಯೇ ನಾನು ವಿಡಿಯೋ ಹಾಕುತ್ತಿದ್ದೆ. ಗದ್ವಾಲಿನಲ್ಲಿ ನೋಡುವವರಿಗೆ ಅದು ಯಾರ ಬಟ್ಟೆಯೋ ಏನೋ. ನೆಗೆಣ್ಣಿ ಬಂದ ಕೂಡಲೇ ಮಾತು ಹೇಳಿ ಹಾಕಿಬಿಡುತ್ತಿದ್ದಳು. ನಾನು ಮರ್ಯಾದೆಗೆ ಕಾದದ್ದೇ ನನ್ನನ್ನು ಹಿಂಬಾಲಿಸಿ ಕದಿಯುವವಳನ್ನಾಗಿ ಮಾಡಿತ್ತು.

ಇದನ್ನು ಹೇಳಿದಾಗ ಅಣ್ಣ ನಕ್ಕ. ನನಗೆ ಸಿಟ್ಟು ಬಂತು.

"ನಗಬ್ಯಾಡ. ಏನ್ ಮಾಡಬೇಕು ಹೇಳು."

"ಕೆಲವರು ವಿಡಿಯೋ ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡ್ತಾರ. ಮೇಲ್ಮನವಿ ಹಾಕೋಕಿಂತ ಮೊದಲ ಅಳಿಸಬಾರದು ಅಂತ ಕಂಪನಿ ಪುಟದಾಗ ಐತಿ. ಅವರು ಚಾನೆಲ್ ಇದ್ದಂಗ ನೋಡ್ತಾರ. ಮೇಲ್ಮನವಿಗಂತ ನೀ ಒಂದು ವಿಡಿಯೋ ಮಾಡಬೇಕು, ನಿನ್ನ ಚಾನೆಲ್ಲಿಗೇ ಏರಿಸಬೇಕು, ಮಂದಿಗೆ ಕಾಣದಂಗ, ಲಿಂಕ್ ಇದ್ದವರಿಗಷ್ಟ ಕಾಣಂಗ. ಐದು ನಿಮಿಷದ ಒಳಗ ಇರಬೇಕು. ಮೊದಲ ಅರ್ಧ ನಿಮಿಷದಾಗ ನಿನ್ನ ಚಾನೆಲ್ಲಿನ ವಿಳಾಸ ಕಾಣಬೇಕು. ಇಪ್ಪತ್ತೊಂದು ದಿನದೊಳಗ ಕಳಿಸಬೇಕು. ಅವರು ಒಲ್ಲೆ ಅಂದ್ರ ತಿಂಗಳಗಟ್ಟಲೆ ಕಾಯೋದ."

ಮನೆಗೆ ಬಂದು ಹೇಳಿದೆ. ನಮ್ಮ ಅತ್ತೆ ಕಾಳು ಆರಿಸುತ್ತ, "ತೆಲುಗಿನದು ನಡದೈತಲ್ಲ. ನಿನ್ನ ಕನ್ನಡದ್ದು ಮುಚ್ಚಿಬಿಡು, ಇಬ್ರೂ ಕೂಡಿ ಅದನ್ನ ನಡಸ್ರಿ," ಅಂದರು. ನಮ್ಮ ಮನೆಯವರೂ ಹೂಂಗುಟ್ಟಿದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಂಗಡಿಯ ಬೋರ್ಡು, ರೇಷನ್ ಕಾರ್ಡು, ಆಸ್ಪತ್ರೆಯ ಚೀಟಿ ಎಲ್ಲ ತೆಲುಗಿನಲ್ಲೇ ಇವೆ, ಕನ್ನಡ ಇಲ್ಲಿ ಅಡುಗೆಮನೆಯಲ್ಲೂ ಅಂಗಳದಲ್ಲೂ ಇರುವಂಥದ್ದು. ಆದರೆ ಅದನ್ನೂ ಮುಚ್ಚು ಅಂದಾಗ ಯಾಕೋ ಕಣ್ಣಲ್ಲಿ ನೀರು ಬಂತು. "ನಾ ಮುಚ್ಚಂಗಿಲ್ಲ," ಅಂದು ಎದ್ದು ಹೋದೆ. ಅತ್ತೆ ಹಿಂದಿನಿಂದ, "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು," ಅಂದರು.

ಮೊದಲು ಬರೆದುಕೊಂಡದ್ದು ನೆನೆದರೆ ಈಗಲೂ ನಗು ಬರುತ್ತದೆ. ನಮ್ಮಪ್ಪ ತಹಸೀಲ್ದಾರರಿಗೆ ದರಖಾಸ್ತು ಬರೆಯುತ್ತಿದ್ದ ಧಾಟಿಯಲ್ಲೇ ಬರೆದಿದ್ದೆ: ನಾವು ಬಡ ಹೆಣ್ಣುಮಕ್ಕಳು, ಹೊಲಿಗೆಯೇ ನಮ್ಮ ಹೊಟ್ಟೆಪಾಡು, ತಾವು ದೊಡ್ಡ ಮನಸ್ಸು ಮಾಡಬೇಕು. ಮಕ್ತಲದ ಅಣ್ಣನಿಗೆ ಫೋನಿನಲ್ಲಿ ಓದಿದೆ.

"ತಂಗೀ, ಅಲ್ಲಿ ನೋಡಾಂವ ತಹಸೀಲ್ದಾರ ಅಲ್ಲ. ಅಂವಗ ನಿನ್ನ ಬಡತನ ಬ್ಯಾಡ. ಈ ಕೈ ಯಾರವು ಅನ್ನೋದು ಬೇಕು. ನೀ ಕದ್ದಿಲ್ಲ ಅಂತ ನನಗ ಗೊತ್ತೈತಿ. ಅಂವಗ ಹೆಂಗ ಗೊತ್ತಾಗಬೇಕು? ತೋರಸು."

ಆ ಹಾಳೆ ಹರಿದೆ. ಹೊಸದಾಗಿ ಕಾರಣ ಜೋಡಿಸುತ್ತ ಹೋದೆ. ಬಟ್ಟೆ ಒಂದೇ ಸಲ ಕತ್ತರಿಸುವಂಥದ್ದು, ಅದಕ್ಕೇ ಶೂಟಿಂಗ್ ಒಂದೇ ಸಲ. ಶೂಟ್ ಮಾಡುವವಳು ನಾನು, ಮೂಲ ವಿಡಿಯೋ ನನ್ನ ಮೊಬೈಲಿನಲ್ಲಿದೆ, ಕತ್ತರಿಸದ ಮೊದಲಿನ ಉದ್ದದ್ದು. ತಡವಾಗಿ ಹಾಕುವುದಕ್ಕೆ ಕಾರಣ ನಮ್ಮ ಪದ್ಧತಿ. ತೆಲುಗಿನ ಮಾತು ನನ್ನದರ ಅನುವಾದವಲ್ಲ, ನಾನು ತಪ್ಪು ಹೇಗಾಗುತ್ತದೆಂದು ಹೇಳುತ್ತೇನೆ, ಅವಳು ಅಳತೆಯ ಲೆಕ್ಕ ಹೇಳುತ್ತಾಳೆ. ಒಂದೇ ವಿಡಿಯೋ ಹಿಡಿದು ವಾದಿಸಬಾರದು, ಇಡೀ ಚಾನೆಲ್ಲು ಹೀಗೆ ತಯಾರಾಗುತ್ತದೆಂದು ತೋರಿಸಬೇಕು ಎಂದು ಅಣ್ಣ ಹೇಳಿದ್ದ, ಅದರಂತೆ ಬರೆದೆ. ಬರೆಯುತ್ತ ಹೋದಂತೆ ಒಂದು ಜಾಗಕ್ಕೆ ಬಂದು ನಿಂತುಬಿಟ್ಟೆ. ಆ ಇನ್ನೊಂದು ಚಾನೆಲ್ಲಿನ ದನಿ ನನ್ನ ನೆಗೆಣ್ಣಿಯದು, ನನ್ನ ಒಪ್ಪಿಗೆಯಿಂದಲೇ ಹಾಕಿದ್ದಾಳೆ ಎಂದು ನಾನೊಬ್ಬಳೇ ಹೇಳಿದರೆ ಯಾರು ನಂಬುತ್ತಾರೆ? ಅವಳೇ ಬಂದು ಹೇಳಬೇಕು.

ಫೋನು ಮಾಡಿ ಹೇಳಿದೆ. ಯಾವಾಗಲೂ ಮಾತಿಗೆ ಮಾತು ಸೇರಿಸುವವಳು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನು ಇಡಲು ಹೊರಟಳು.

"ಏನಾತು?"

"ಅಕ್ಕಾ, ಅದರಾಗ ಕೈ ನಿನ್ನವು ಅಂತ ನಾನು ಹೇಳಬೇಕಲ್ಲ?"

"ಮತ್ತ ಯಾರವು?"

"ನನ್ನವು ಅಂತ ಹೇಳೀನಿ."

ಆಗ ಅವಳ ವಿಡಿಯೋಗಳನ್ನು ಕೂತು ಕೇಳಿದೆ. ಅಲ್ಲಿಯವರೆಗೆ ಎಷ್ಟು ಮಂದಿ ನೋಡಿದರು ಎಂದು ನೋಡಿದ್ದೆನೇ ಹೊರತು ಅವಳು ಏನು ಹೇಳುತ್ತಾಳೆಂದು ಪೂರ್ತಿ ಕೇಳಿರಲಿಲ್ಲ. ಎಲ್ಲದರಲ್ಲೂ ನಾನು, ನಾನು. ನಾನಿಲ್ಲಿ ಗುರುತು ಹಾಕುತ್ತಿದ್ದೇನೆ, ನಾನೀಗ ಬಗಲು ಕತ್ತರಿಸುತ್ತಿದ್ದೇನೆ. ಎಷ್ಟು ಸಿಹಿಯಾದ ದನಿ! ಆ ದನಿ ಕೇಳಿ, ಕೈಯೂ ಅವಳದೇ ಎಂದುಕೊಂಡು, ಗದ್ವಾಲಿನಲ್ಲಿ ಮದುವೆ ಮನೆಯವರು ಕುಪ್ಪಸ ಹೊಲಿಸಲು ಅವಳ ಹತ್ತಿರ ಬರುತ್ತಿದ್ದರು. ಅವಳು ಬಟ್ಟೆ ಇಸಿದುಕೊಂಡು ನನಗೆ ಕಳಿಸುತ್ತಿದ್ದಳು, ನಾನು ಕತ್ತರಿಸಿ ಕಳಿಸಿದರೆ ಹೊಲಿದು ಕೊಡುತ್ತಿದ್ದಳು. ನಾನು ಎಡಗೈಯವಳು, ಅವಳು ಬಲಗೈಯವಳು. ವಿಡಿಯೋದಲ್ಲಿ ಎಡಗೈ ಕಾಣುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ ಮೊಬೈಲಿನ ಕ್ಯಾಮೆರಾ ಬಲವನ್ನು ಎಡ ಮಾಡಿ ತೋರಿಸುತ್ತದೆ ಅಂದಿದ್ದಳಂತೆ. ಇದನ್ನೆಲ್ಲ ಅವಳೇ ಮತ್ತೆ ಫೋನು ಮಾಡಿ ಹೇಳಿದಳು, ಅಳುತ್ತ.

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕೈ ನನ್ನವು ಎಂದು ರುಜುವಾತು ಮಾಡಿದರೆ ನನ್ನದು ಉಳಿಯುತ್ತದೆ, ಅದೇ ರುಜುವಾತಿನಿಂದ ಅವಳದು ಬಂದಾದರೆ? ಬೇರೆಯವರ ಕೈ ತಂದು ತನ್ನದೆಂದು ಹಾಕಿದವಳು ಈಗ ಅವಳಾಗುತ್ತಾಳೆ. ಅಣ್ಣನನ್ನು ಕೇಳಿದೆ. "ಆಗಬಹುದು, ಆಗದೇನೂ ಇರಬಹುದು. ಅವರು ಯಾವಾಗ ಯಾವ ಚಾನೆಲ್ ನೋಡ್ತಾರೋ ಯಾರಿಗೆ ಗೊತ್ತು," ಅಂದ. ಅವನ ಮಾತಿನಿಂದ ನೆಮ್ಮದಿಯಾಗಲಿಲ್ಲ. ಆ ವಾರ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ. ಮಿಷನ್ ಮುಂದೆ ಕೂರುವುದು, ಏಳುವುದು, ಬಾಗಿಲಿಗೆ ಹೋಗುವುದು. ಗಿರಾಕಿಯೊಬ್ಬಳು, "ಯಾಕ್ರಿ ಅಕ್ಕಾರ, ಹೆಣ ಕಾಯೋರಂಗ ಅಡ್ಡಾಡ್ತೀರಿ?" ಎಂದು ಕೇಳಿದಳು. ಅವಳ ಬಟ್ಟೆಯನ್ನು ಎರಡು ದಿನ ತಡಮಾಡಿಯೇ ಕೊಟ್ಟೆ.

ನೆಗೆಣ್ಣಿಗೆ ಬಾ ಎಂದು ಮತ್ತೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಒಂದು ಬೆಳಿಗ್ಗೆ ಅವಳೇ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹಣ್ಣಿನ ಚೀಲ, ಮುಖ ಬಾಡಿತ್ತು.

"ಅವರಿಗೆ ಹೇಳಿ ಬಂದಿಯೇನು?" ಎಂದು ಕೇಳಿದೆ, ಮೈದುನನ ಬಗ್ಗೆ.

"ಹೇಳೀನಿ. ಹುಚ್ಚಿ ಅಂದ್ರು. ಅಕ್ಕಾ, ಬಿಸಿಲು ಬರೋದರೊಳಗ ಮುಗಸೋಣು. ನನಗ ಧೈರ್ಯ ಬಾಳ ಹೊತ್ತು ನಿಲ್ಲಂಗಿಲ್ಲ."

ಮುಗಿಸಿದೆವು. ಮೊದಲು ನನ್ನ ಮೊಬೈಲಿನಲ್ಲಿ ಚಾನೆಲ್ಲಿನ ಪುಟ, ಅದರ ವಿಳಾಸ ತೋರಿಸಿದೆ. ಆಮೇಲೆ ನಮ್ಮ ಮನೆಯವರು ಮೊಬೈಲು ಹಿಡಿದುಕೊಂಡರು, ನಾನು ಜೀವಮಾನದಲ್ಲಿ ಮೊದಲ ಸಲ ನನ್ನ ಚಾನೆಲ್ಲಿನ ಒಳಗೆ ಮುಖ ತೋರಿಸಿದೆ. ನತ್ತು ಸರಿ ಮಾಡಿಕೊಂಡೆ, ಸುಳ್ಳೇಕೆ ಹೇಳಲಿ. ಸರಳಿಗೆ ಸಿಕ್ಕಿಸಿದ ಮೊಬೈಲು, ಮೇಜು, ಎಡಗೈಯಲ್ಲಿ ಕತ್ತರಿ ಹಿಡಿದು ಒಳಪದರದ ಅಸ್ತರ್ ಬಟ್ಟೆ ಕತ್ತರಿಸುವುದು, ಮೊಬೈಲಿನೊಳಗಿನ ದನಿಯಿಲ್ಲದ ಮೂಲ ವಿಡಿಯೋಗಳು, ಎಡಿಟಿಂಗ್ ಆ್ಯಪಿನಲ್ಲಿ ಅದರ ಕೆಳಗೆ ನನ್ನ ಮಾತಿನ ಪಟ್ಟಿ, ಎಲ್ಲ ಒಂದೊಂದಾಗಿ ತೋರಿಸಿದೆ. ತಡವಾಗಿ ಹಾಕುವ ಕಾರಣ ಹೇಳುವಾಗ ಹೊಸ ಬಟ್ಟೆಗೆ ಅರಿಷಿಣ ಹಚ್ಚಿಯೂ ತೋರಿಸಿದೆ. ನಮ್ಮ ಭಾಷೆ ಬಾರದವರು ನೋಡಿದರೂ ತಿಳಿಯಲೆಂದು ಕೆಳಗೆ ಇಂಗ್ಲಿಷಿನ ಸಾಲು ಹಾಕಬೇಕೆಂದು ಅಣ್ಣನಿಗೆ ಹೇಳಿಟ್ಟಿದ್ದೆ.

ನೆಗೆಣ್ಣಿಯ ಸರದಿ ಬಂತು. ನನ್ನ ಪಕ್ಕ ನಿಂತಳು. ತನ್ನ ಚಾನೆಲ್ಲಿನ ಪುಟ ಮುಂದೆ ಹಿಡಿದು ತೆಲುಗಿನಲ್ಲಿ ಹೇಳಿದಳು: ಇದು ನನ್ನ ಚಾನೆಲ್, ಇದರಲ್ಲಿ ಮಾತು ನನ್ನದು, ಕೈ ನಮ್ಮಕ್ಕನವು, ಅವರು ಕಳಿಸಿದ ಮೇಲೆ ನಾನು ಹಾಕುತ್ತೇನೆ. ಅಷ್ಟೇ. ಒಂದೇ ಸಲಕ್ಕೆ ಹೇಳಿದಳು, ತಪ್ಪಲಿಲ್ಲ. ಹೇಳಿ ಮುಗಿಸಿ ಒಳಗೆ ಹೋಗಿ ಅತ್ತೆಯ ಪಕ್ಕ ಕೂತಳು. ಅತ್ತೆ ಏನೂ ಕೇಳದೆ ತಾಟಿನಲ್ಲಿ ಅರ್ಧ ರೊಟ್ಟಿ ಮುರಿದುಕೊಟ್ಟರು.

ವಿಡಿಯೋ ಏರಿಸಿ, ಲಿಂಕ್ ಹಾಕಿ ಕಳಿಸಿದೆವು. ಚಾನೆಲ್ಲಿನ ಪರಿಚಯದಲ್ಲಿ ಇನ್ನೊಂದು ಚಾನೆಲ್ಲಿನ ಹೆಸರು, ನಮ್ಮಿಬ್ಬರ ಸಂಬಂಧ ಎಲ್ಲ ಸ್ಪಷ್ಟವಾಗಿ ಬರೆದೆವು. ಆಮೇಲೆ ಕಾಯುವುದೊಂದೇ. ಕಾಯುವುದು ನನಗೆ ಬಾರದ ವಿದ್ಯೆ. ಅನ್ನಕ್ಕೆ ಎಸರು ಇಟ್ಟರೂ ಮುಚ್ಚಳ ತೆಗೆದು ನೋಡುವವಳು ನಾನು. ಹೊಸ ಮೇಲ್ ಬಂತೇ ಎಂದು ಮೊಬೈಲನ್ನು ಬೆರಳಿನಿಂದ ಕೆಳಗೆಳೆದು ಎಳೆದು, "ಗಾಜು ಸವದೀತು," ಎಂದು ಮನೆಯವರಿಂದ ಬೈಸಿಕೊಂಡೆ. ಇನ್ನೊಂದು ಕಡೆ ಗದ್ವಾಲಿನ ಚಾನೆಲ್ಲನ್ನೂ ದಿನಾ ತೆರೆದು ನೋಡುತ್ತಿದ್ದೆ. ನನ್ನದು ತೆರೆಯಲಿ ಎಂದು ಬೇಡುತ್ತಿದ್ದ ಬಾಯಲ್ಲೇ ಅವಳದು ಮುಚ್ಚದಿರಲಿ ಎಂದೂ ಬೇಡುತ್ತಿದ್ದೆ. ಅವಳು ಆ ದಿನಗಳಲ್ಲಿ ಹೊಸ ವಿಡಿಯೋ ಹಾಕಲಿಲ್ಲ. ನಾನು ಕಳಿಸಿದ್ದ ಎರಡು ಅವಳ ಹತ್ತಿರ ಹಾಗೇ ಉಳಿದಿದ್ದವು. ಯಾಕೆ ಅಂದರೆ, "ಗಂಟಲು ಕೆಟ್ಟೈತಿ ಅಕ್ಕಾ," ಅನ್ನುತ್ತಿದ್ದಳು.

ಉತ್ತರ ಬಂದದ್ದು ಮಧ್ಯಾಹ್ನದ ಹೊತ್ತು. ನಿಮ್ಮ ಮನವಿಯನ್ನು ಪರಿಶೀಲಿಸಿದ್ದೇವೆ, ಚಾನೆಲ್ ಮತ್ತೆ ಅರ್ಹವಾಗಿದೆ. ಎರಡು ಸಾಲು. ನಾನು ಅಂಗಡಿಯಲ್ಲಿ ಒಬ್ಬಳೇ ಕೂತು ಜೋರಾಗಿ ಅತ್ತೆ. ಕಳ್ಳಿಯಲ್ಲ ಎಂದು ಯಾರೋ ಗುರುತಿಲ್ಲದವರು ಒಪ್ಪಿಕೊಂಡಿದ್ದಕ್ಕೆ ಇಷ್ಟು ಅಳು ಬರುತ್ತದೆಂದು ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಗದ್ವಾಲಿಗೆ ಫೋನು ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಆಮೇಲೆ ಹೆದರಿ ಅವಳ ಚಾನೆಲ್ ತೆರೆದೆ.

ಮುಚ್ಚಿರಲಿಲ್ಲ. ಹೊಸ ವಿಡಿಯೋ ಒಂದಿತ್ತು, ಅದೇ ಬೆಳಿಗ್ಗೆ ಹಾಕಿದ್ದು. ಅದರಲ್ಲಿ ಅವಳ ಮುಖವಿತ್ತು. ಎಲ್ಲರಿಗೂ ಕಾಣುವ ವಿಡಿಯೋ. ಇಲ್ಲಿಯವರೆಗೆ ನೀವು ನೋಡಿದ್ದು ನಾರಾಯಣಪೇಟೆಯ ನಮ್ಮಕ್ಕನ ಕೈಗಳನ್ನು, ನನ್ನವೆಂದು ಹೇಳಿದ್ದೆ, ಈಗ ನನ್ನವೇ ನೋಡಿ, ಎಂದು ತೆಲುಗಿನಲ್ಲಿ ಹೇಳಿ, ಮೇಜಿನ ಮೇಲೆ ಬಟ್ಟೆ ಹಾಸಿದಳು. ಗಿರಾಕಿಯದಲ್ಲ, ಅವಳದೇ ಗದ್ವಾಲ್ ಸೀರೆಯ ಕುಪ್ಪಸದ ತುಂಡು, ಮದುವೆಯಾದಾಗಿನಿಂದ ಹೊಲಿಸದೆ ಇಟ್ಟುಕೊಂಡಿದ್ದದ್ದು. ಕತ್ತರಿ ಗುರುತು ಬಿಟ್ಟು ಸರಿಯಿತು. ಬೆನ್ನಿನ ಕತ್ತು ಒಂದು ಬೆರಳು ಕೆಳಗಿಳಿಯಿತು. ಇಲ್ಲಿ ಕೂತು ನಾನು "ಅಲ್ಲಿ ಅಲ್ಲ, ಅಲ್ಲಿ ಅಲ್ಲ," ಎಂದು ಕೂಗಿದೆ. ಕೆಳಗೆ ಮಂದಿ ಬೈದಿದ್ದರು. ಇಷ್ಟು ದಿನ ಮೋಸ ಮಾಡಿದೆ ಅಂದಿದ್ದರು ಕೆಲವರು, ಹೊಲಿಯಲು ಕೊಟ್ಟ ಬಟ್ಟೆ ವಾಪಸು ಕೊಡು ಅಂದಿದ್ದಳು ಒಬ್ಬಳು.

ಸಂಜೆ ಅವಳೇ ಫೋನು ಮಾಡಿದಳು. ನನ್ನದು ತೆರೆಯಿತೆಂದು ಹೇಳಿದೆ. ಅವಳು ಕಿರುಚಿದಳು, ನಿಜವಾಗಿ ಖುಷಿಪಟ್ಟಳು. ನಾನೂ ಖುಷಿಯಾಗಿರಬೇಕಿತ್ತು. ನನ್ನ ಕೈಯ ಮೇಲೆ ಇನ್ನು ಆ ದನಿ ಬರುವುದಿಲ್ಲ ಎಂಬುದೊಂದೇ ಎದೆಯಲ್ಲಿ ಕೂತಿತ್ತು.

"ನಾನು ಹಾಕಿದ್ದು ನೋಡಿದೇನು? ಹೆಂಗೈತಿ?"

"ಚೊಲೋ ಐತಿ. ಕತ್ತು ಸ್ವಲ್ಪ ಇಳದೈತಿ, ಅಷ್ಟ. ನಾಳೆ ಮೊದಲನೇ ಬಸ್ಸಿಗೆ ನಾ ಬರ್ತೀನಿ. ಪಕ್ಕ ಕೂತು ಹೇಳಿಕೊಡ್ತೀನಿ."

ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಬ್ಯಾಡಕ್ಕಾ," ಅಂದಳು. "ನೀ ಬಂದ್ರ ಬಟ್ಟಿ ಮತ್ತ ನಿನ್ನ ಕೈನೇ ಕತ್ತರಸ್ತದ."